ಹಿಮ್ಮಡಿ ನೆಲ ಮುಟ್ಟದ ಮಗು

ಮೂರು ವರ್ಷದ ಹುಡುಗಿಯೊಬ್ಬಳು ಮನೆಯಲ್ಲೆಲ್ಲ ತುದಿಗಾಲಲ್ಲೇ ಓಡಾಡುತ್ತಾಳೆ ಎಂದುಕೊಳ್ಳಿ. ‘ಹಿಮ್ಮಡಿ ಊರು ಪುಟ್ಟಿ’ ಎಂದರೆ ಊರುತ್ತಾಳೆ, ಆಟದಲ್ಲಿ ಮೈಮರೆತರೆ ಮತ್ತೆ ಎತ್ತುತ್ತಾಳೆ. ನಡೆಯಲು ಕಲಿತಾಗಿನಿಂದಲೂ ಹೀಗೆಯೇ. ಎರಡು ಕಾಲೂ ಒಂದೇ ಸಮ. ಮಾತು, ಆಟ ಎಲ್ಲ ವಯಸ್ಸಿಗೆ ತಕ್ಕಂತಿವೆ. ‘ಇವಳಪ್ಪನೂ ಹೀಗೇ ನಡೀತಿದ್ದ’ ಎನ್ನುವ ಅಜ್ಜಿಯ ಮಾತನ್ನು ವೈದ್ಯರೂ ಗಮನಕ್ಕೆ ತೆಗೆದುಕೊಳ್ಳುತ್ತಾರೆ, ಏಕೆಂದರೆ ಈ ಅಭ್ಯಾಸ ಕೆಲವು ಮನೆತನಗಳಲ್ಲಿ ಹರಿದುಬರುತ್ತದೆ.

ಸ್ವೀಡನ್ನಿನ ಬ್ಲೆಕಿಂಗೆ ಪ್ರಾಂತ್ಯದಲ್ಲಿ ಐದೂವರೆ ವರ್ಷದ 1,436 ಮಕ್ಕಳನ್ನು ಪರೀಕ್ಷಿಸಿದಾಗ, ಬೇರೆ ಕಾರಣವಿಲ್ಲದೆ ತುದಿಗಾಲಲ್ಲಿ ನಡೆಯುತ್ತಿದ್ದವರು ಅಥವಾ ಹಿಂದೆ ಹಾಗೆ ನಡೆದಿದ್ದವರು ನೂರಕ್ಕೆ ಸುಮಾರು 5 ಮಂದಿ ಸಿಕ್ಕರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆಗಲೇ ಅದನ್ನು ಬಿಟ್ಟಿದ್ದರು. ಹತ್ತನೇ ವಯಸ್ಸಿಗೆ ಬಿಟ್ಟವರು ಐವರಲ್ಲಿ ಸುಮಾರು ನಾಲ್ವರು.

ಈಗ ನಾಲ್ಕು ವರ್ಷದ ಹುಡುಗನೊಬ್ಬನನ್ನು ನೋಡಿ. ಇವನು ಮೊದಲು ಪಾದ ಪೂರ್ತಿ ಊರಿ ನಡೆಯುತ್ತಿದ್ದ, ತುದಿಗಾಲು ಶುರುವಾದದ್ದು ಈಚೆಗೆ. ಓಟದಲ್ಲಿ ಓರಗೆಯವರಿಗಿಂತ ಹಿಂದೆ, ಮೆಟ್ಟಿಲಿಗೆ ಕಂಬಿ ಬೇಕೇ ಬೇಕು. ಮೀನಖಂಡ ಮಾತ್ರ ಪೈಲ್ವಾನನದರಂತೆ ದಪ್ಪ. ನೆಂಟರು ಮೆಚ್ಚುವುದೂ ಅದನ್ನೇ! ನೆಲದಿಂದ ಏಳುವಾಗ ಅವನು ಮೊದಲು ಅಂಗೈ ಊರಿ, ಆಮೇಲೆ ಮೊಣಕಾಲು, ತೊಡೆಗಳ ಮೇಲೆ ಕೈಯಿಟ್ಟು ತನ್ನ ಮೈಯನ್ನೇ ಹತ್ತುತ್ತ ನಿಲ್ಲುತ್ತಾನೆ. ಹೀಗೆ ಏಳುವುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಗವರ್ಸ್ 19ನೇ ಶತಮಾನದಲ್ಲೇ ವಿವರಿಸಿದ್ದ. ಸೊಂಟ, ತೊಡೆಗಳ ಸ್ನಾಯು ಸೋಲುತ್ತಿರುವುದರ ಗುರುತು ಇದು. ಗಂಡುಮಕ್ಕಳಲ್ಲಿ ಹೀಗೆ ಕಂಡರೆ ಡುಶೆನ್ ಎಂಬ ಸ್ನಾಯುಕ್ಷಯದ ಶಂಕೆ ಬರಬೇಕು. ಸಿಪಿಕೆ ಎಂಬ ರಕ್ತಪರೀಕ್ಷೆಯಿಂದ ತಪಾಸಣೆ ಆರಂಭವಾಗುತ್ತದೆ; ಆ ಕಾಯಿಲೆಯಿದ್ದರೆ ಅದರ ಮಟ್ಟ ಹತ್ತಾರು ಪಟ್ಟು ಏರಿರುತ್ತದೆ. ಇಂಥ ಮಗುವಿಗೆ ‘ನೆಟ್ಟಗೆ ನಡಿ’ ಎಂದು ಗದರುವುದು ಶುದ್ಧ ಅನ್ಯಾಯ.

ಒಂದೇ ಕಾಲಿನ ಹಿಮ್ಮಡಿ ಏಳುತ್ತಿದ್ದರೂ ಕಾಯಬಾರದು. ಮಿದುಳಿಗೆ ಎಳವೆಯಲ್ಲಾದ ಪೆಟ್ಟು, ಅಂದರೆ ಸೆರೆಬ್ರಲ್ ಪಾಲ್ಸಿ, ಸೌಮ್ಯವಾಗಿದ್ದರೆ ಇಷ್ಟೇ ತೋರಬಹುದು. ಅವಧಿಗೆ ಮೊದಲೇ ಹುಟ್ಟಿದ, ತಡವಾಗಿ ನಡೆದ ಮಕ್ಕಳಲ್ಲಿ ಈ ಅನುಮಾನ ಹೆಚ್ಚು.

ಬರಿಯ ಅಭ್ಯಾಸವಾದರೂ ವರ್ಷಗಟ್ಟಲೆ ಉಳಿದರೆ ಹಿಮ್ಮಡಿಯ ಹಿಂದಿನ ನರ ಬಿಗಿಯಬಹುದು. ಮಗುವಿನ ಮೊಣಕಾಲು ನೆಟ್ಟಗಿಟ್ಟು ಪಾದವನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿದಾಗ, ಅದು ಕಾಲಿಗೆ ಲಂಬವಾಗುವಷ್ಟೂ ಬರದಿದ್ದರೆ ಬಿಗಿದಿದೆ ಎಂದೇ ಅರ್ಥ. ಆಗ ಫಿಸಿಯೋಥೆರಪಿ, ಕೆಲವರಿಗೆ ವಾರಗಟ್ಟಲೆ ಬದಲಿಸುತ್ತ ಹಾಕುವ ಪ್ಲಾಸ್ಟರ್, ಅಪರೂಪಕ್ಕೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಮೂರು ವರ್ಷ ದಾಟಿಯೂ ತುದಿಗಾಲು ಬಿಡದ ಮಗುವನ್ನು ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸುವುದು ಒಳ್ಳೆಯದು.

ಹೋಗುವ ಮುನ್ನ ಮೊಬೈಲಿನಲ್ಲಿ ಮಗು ಬರಿಗಾಲಲ್ಲಿ ನಡೆಯುವುದನ್ನೂ ನೆಲದಿಂದ ಏಳುವುದನ್ನೂ ಚಿತ್ರಿಸಿಕೊಂಡಿರಬೇಕು. ಡಾಕ್ಟರ ಎದುರು ಬಹಳ ಮಕ್ಕಳು ಹಿಮ್ಮಡಿ ಊರಿಯೇ ನಡೆದುಬಿಡುತ್ತಾರೆ.