ಒಂದು ಪ್ಲೇಟಿನಲ್ಲಿ ಎಣ್ಣೆ ಎಷ್ಟು? ತೂಗಿ ನೋಡುವ ಬಗೆ

“ಎಣ್ಣೆ ಕಡಿಮೆ ಇದೆಯೇ?” ಎಂದು ಗಿರಾಕಿ ಕೇಳಿದಾಗ “ಕಡಿಮೆಯೇ ಹಾಕುತ್ತೇವೆ ಸಾರ್” ಎಂದು ಉತ್ತರಿಸುವುದು ನಮ್ಮೆಲ್ಲರ ರೂಢಿ. ಆದರೆ ಅದು ಎಷ್ಟು ಗ್ರಾಂ ಎಂದು ಕೇಳಿದರೆ ಮಾಲೀಕರಲ್ಲಾಗಲಿ ಭಟ್ಟರಲ್ಲಾಗಲಿ ಉತ್ತರವಿರುವುದು ಅಪರೂಪ. ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರು ನಮ್ಮ ಮಾತನ್ನು ನಂಬಿ ತಿನ್ನುತ್ತಾರೆ. ಆದ್ದರಿಂದ ಈ ಲೆಕ್ಕ ಮಾಲೀಕರಿಗೆ ತಿಳಿದಿರಬೇಕು.

ಮನೆಯಲ್ಲಿ ಈ ಲೆಕ್ಕ ಸುಲಭ. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಎಣ್ಣೆ ಮುಗಿದರೆ, ಒಬ್ಬರಿಗೆ ದಿನಕ್ಕೆ ಸುಮಾರು 33 ಮಿ.ಲೀ. ಆಯಿತು. ಎಣ್ಣೆ ನೀರಿಗಿಂತ ಹಗುರವಾದ್ದರಿಂದ ತೂಕದಲ್ಲಿ ಅದು 30 ಗ್ರಾಂ. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ ಇರುವುದರಿಂದ ದಿನಕ್ಕೆ 270 ಕ್ಯಾಲೊರಿ ಬರೀ ಎಣ್ಣೆಯಿಂದಲೇ ಬಂತು. ಹೋಟೆಲಿನಲ್ಲಿ ತಿನ್ನುವವರು ದಿನಾ ಬದಲಾಗುವುದರಿಂದ ತಿಂಗಳ ಲೆಕ್ಕ ಉಪಯೋಗಕ್ಕೆ ಬಾರದು. ಒಂದೊಂದು ತಿಂಡಿಯನ್ನೇ ಅಳೆಯಬೇಕು.

ಕರಿದ ತಿಂಡಿಯಲ್ಲಿ ಬಾಣಲೆಗೆ ಸುರಿದದ್ದಷ್ಟೂ ಹೊಟ್ಟೆಗೆ ಹೋಗುವುದಿಲ್ಲ. ಉದ್ದಿನ ವಡೆಯನ್ನೇ ನೋಡೋಣ. ತಣ್ಣಗಿರುವಾಗಲೇ 3 ಕಿಲೋ ಎಣ್ಣೆ ತೂಗಿ ಬಾಣಲೆಗೆ ಹಾಕಿ, 60 ವಡೆ ಕರಿಯಿರಿ. ನಡುವೆ ಎಣ್ಣೆ ಸೇರಿಸಿದರೆ ಅದನ್ನೂ ತೂಗಿ ಬರೆದಿಡಿ. ಕೆಲಸ ಮುಗಿದ ಮೇಲೆ ಎಣ್ಣೆ ಪೂರ್ತಿ ಆರಲಿ. ಬಿಸಿ ಎಣ್ಣೆಯನ್ನು ತೂಗಲು ಹೋಗುವುದು ಅಪಾಯ. ಆರಿದ ಎಣ್ಣೆಯನ್ನು ಸೋಸಿ, ವಡೆ ಬಸಿದ ತಟ್ಟೆಯಲ್ಲಿರುವುದನ್ನೂ ಸೇರಿಸಿ ತೂಗಿ. 2 ಕಿಲೋ 580 ಗ್ರಾಂ ಉಳಿದಿದ್ದರೆ ಖರ್ಚಾದದ್ದು 420 ಗ್ರಾಂ. ಅಂದರೆ ವಡೆಗೆ 7 ಗ್ರಾಂ. ಎರಡು ವಡೆಯ ಪ್ಲೇಟಿಗೆ 14 ಗ್ರಾಂ, ಅಂದರೆ 126 ಕ್ಯಾಲೊರಿ.

ಈಗ ಕುರ್ಮಾಕ್ಕೆ ಬನ್ನಿ. ಇಲ್ಲಿ ಸುರಿದದ್ದಷ್ಟೂ ಪಾತ್ರೆಯಲ್ಲೇ ಇರುತ್ತದೆ. 50 ಬಟ್ಟಲಿನ ಕುರ್ಮಾಕ್ಕೆ ಮಸಾಲೆ ಹುರಿಯಲು, ಒಗ್ಗರಣೆಗೆ ಎಲ್ಲಾ ಸೇರಿ ಭಟ್ಟರು 150 ಮಿ.ಲೀ. ಸೌಟಿನಲ್ಲಿ ಐದು ಸೌಟು ಹಾಕಿದರೆಂದುಕೊಳ್ಳಿ. 750 ಮಿ.ಲೀ. ಎಂದರೆ ಸುಮಾರು 680 ಗ್ರಾಂ. ಬಟ್ಟಲಿಗೆ ಹದಿಮೂರೂವರೆ ಗ್ರಾಂ, ಸುಮಾರು 122 ಕ್ಯಾಲೊರಿ. ಗಿರಾಕಿ “ವಡೆ ಬೇಡ, ಎಣ್ಣೆ ಜಾಸ್ತಿ, ಕುರ್ಮಾ ಕೊಡಿ” ಎಂದರೂ ಎರಡು ವಡೆಯಷ್ಟೇ ಎಣ್ಣೆ ತಿಂದಂತಾಯಿತು. ಅರೆದು ಹಾಕುವ ತೆಂಗಿನಕಾಯಿ, ಗೋಡಂಬಿಯ ಕೊಬ್ಬು ಇದಕ್ಕೆ ಹೊರತು. 20 ಗ್ರಾಂ ಹಸಿ ತೆಂಗಿನತುರಿಯಲ್ಲೇ ಆರೇಳು ಗ್ರಾಂ ಕೊಬ್ಬಿದೆ.

ಬಡಿಸುವಾಗಲೂ ಒಂದು ತಪ್ಪಾಗುತ್ತದೆ. ಎಣ್ಣೆ ಮೇಲೆ ತೇಲುವುದರಿಂದ, ಕಲಕದೆ ಮೇಲಿನಿಂದಲೇ ತೆಗೆದರೆ ಮೊದಲು ಬಂದವರಿಗೆ ಎಣ್ಣೆ ಹೆಚ್ಚು, ಕೊನೆಗೆ ಬಂದವರಿಗೆ ಕಡಿಮೆ. ಪ್ರತಿ ಸಲವೂ ತಳದಿಂದ ಕಲಕಿ ಬಡಿಸಿದರೆ ಮಾತ್ರ ಮೇಲಿನ ಲೆಕ್ಕ ಸರಿಹೋಗುತ್ತದೆ.

ವಡೆಯ ಲೆಕ್ಕವನ್ನು ವಾರಕ್ಕೊಮ್ಮೆ ಬರೆದಿಟ್ಟರೆ ಅಡುಗೆಮನೆಯ ದೋಷವೂ ತಿಳಿಯುತ್ತದೆ. 7 ಗ್ರಾಂ ಇದ್ದದ್ದು ವಡೆಯ ಗಾತ್ರ ಬದಲಾಗದೆ 10ಕ್ಕೆ ಏರಿದರೆ ಹಿಟ್ಟಿಗೆ ನೀರು ಹೆಚ್ಚಾಗಿದೆ, ಸೋಡಾ ಹೆಚ್ಚಾಗಿದೆ, ಇಲ್ಲವೇ ಒಂದೇ ಸಲ ಬಹಳ ವಡೆ ಬಿಟ್ಟು ಎಣ್ಣೆಯ ಕಾವು ಇಳಿದಿದೆ. ಕಾವು 170ರಿಂದ 180 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. ಇನ್ನೊಂದು ವಿಷಯ ಬಹಳ ಮಂದಿಗೆ ಗೊತ್ತಿಲ್ಲ. ವಡೆ ಬೇಯುವಾಗ ಒಳಗಿನ ಆವಿ ಹೊರಗೆ ನುಗ್ಗುತ್ತಾ ಎಣ್ಣೆಯನ್ನು ತಡೆಯುತ್ತದೆ. ಹೊರತೆಗೆದು ತಣಿಯುವಾಗ ಆ ಆವಿ ಅಡಗಿ, ಮೈಮೇಲಿನ ಎಣ್ಣೆ ಒಳಕ್ಕೆ ಎಳೆದುಕೊಳ್ಳುತ್ತದೆ. ಆದ್ದರಿಂದ ಝಾರಾದಲ್ಲಿ ಎತ್ತಿದ ಕೂಡಲೇ ಬಾಣಲೆಯ ಮೇಲೆಯೇ ಚೆನ್ನಾಗಿ ಕೊಡವಿ, ಜಾಲರಿಯ ಮೇಲೆ ಬಿಡಿಬಿಡಿಯಾಗಿ ಇಡಬೇಕು. ಬಿಸಿ ವಡೆಗಳನ್ನು ಒಂದರ ಮೇಲೊಂದು ರಾಶಿ ಹಾಕಿದರೆ ಬಸಿಯಬೇಕಾದ ಎಣ್ಣೆ ವಡೆಯೊಳಗೇ ಸೇರುತ್ತದೆ.

ಕುರ್ಮಾಕ್ಕೆ ಉಪಾಯ ಬೇರೆ. ಸೌಟು ಬಿಟ್ಟು ಗೆರೆ ಹಾಕಿದ ಅಳತೆ ಪಾತ್ರೆ ಕೊಡಿ. ಐದು ಸೌಟಿನ ಬದಲು ನಾಲ್ಕರ ಅಳತೆಯಲ್ಲಿ ಮಾಡಿಸಿ, ರುಚಿ ನೋಡಿ. ಈರುಳ್ಳಿ ತಳ ಹಿಡಿಯುವಂತಾದರೆ ಎಣ್ಣೆಯ ಬದಲು ಸ್ವಲ್ಪ ಬಿಸಿನೀರು ಚಿಮುಕಿಸಿದರೆ ಸಾಕು. ಬಟ್ಟಲಿಗೆ ಸುಮಾರು 25 ಕ್ಯಾಲೊರಿ ಇಳಿಯುತ್ತದೆ.

ಕೇಂದ್ರ ಲೈಸೆನ್ಸ್ ಇರುವ ಅಥವಾ ಹತ್ತು ಮತ್ತು ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಕ್ಯಾಲೊರಿ ತೋರಿಸಬೇಕೆಂದು ಎಫ್‌ಎಸ್‌ಎಸ್‌ಎಐನ 2020ರ ಲೇಬಲಿಂಗ್ ನಿಯಮ ಹೇಳುತ್ತದೆ. ಒಂದೇ ಹೋಟೆಲ್ ನಡೆಸುವ ಹೆಚ್ಚಿನವರಿಗೆ ಈ ಕಟ್ಟಳೆ ಇಲ್ಲ. ಆದರೂ ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್ ಇಟ್ಟುಕೊಂಡರೆ ಗಿರಾಕಿಗೆ ಗ್ರಾಮಿನಲ್ಲೇ ಉತ್ತರ ಕೊಡಬಹುದು.