ಲಿಫ್ಟಿನೊಳಗೆ ಬಂದ ಮುಖ ಯಾರದು?

ಹತ್ತನೇ ತರಗತಿಯ ವಿಜ್ಞಾನ ಶಿಕ್ಷಕಿ ಆ ದಿನ ಮಾತು ಶುರುಮಾಡಿದ್ದು 2023ರ ನವೆಂಬರಿನಲ್ಲಿ ದೇಶವೆಲ್ಲ ಹರಿದಾಡಿದ ಒಂದು ವಿಡಿಯೊದಿಂದ. ಅದನ್ನು ಅವರು ತೋರಿಸಲಿಲ್ಲ, ಬಾಯಲ್ಲೇ ವಿವರಿಸಿದರು. ಕಪ್ಪು ಉಡುಪಿನ ಯುವತಿಯೊಬ್ಬಳು ಲಿಫ್ಟಿನೊಳಗೆ ಬರುತ್ತಾಳೆ. ಮುಖ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರದು. ಮೈ, ನಡಿಗೆ, ನಗುವ ರೀತಿ ಮಾತ್ರ ಬ್ರಿಟನ್ನಿನಲ್ಲಿರುವ ಭಾರತೀಯ ಮೂಲದ ಇನ್ನೊಬ್ಬ ಮಹಿಳೆಯದು. ಆಕೆ ಅದೇ ವರ್ಷ ಅಕ್ಟೋಬರ್ 9ರಂದು ತನ್ನ ಇನ್‌ಸ್ಟಾಗ್ರಾಂ ಖಾತೆಗೆ ಹಾಕಿಕೊಂಡಿದ್ದ ವಿಡಿಯೊ ಅದು.

“ಮುಖ ಕತ್ತರಿಸಿ ಅಂಟಿಸಿದ್ದಾ ಮಿಸ್?” ಎಂದು ಮುಂದಿನ ಬೆಂಚಿನಿಂದ ಪ್ರಶ್ನೆ ಬಂತು.

ಅಂಟಿಸಿದ್ದರೆ ತಲೆ ತಿರುಗಿಸಿದ ತಕ್ಷಣ ಗುಟ್ಟು ರಟ್ಟಾಗುತ್ತಿತ್ತು. ವಿಡಿಯೊ ಎಂದರೆ ಸೆಕೆಂಡಿಗೆ ಸುಮಾರು 25ರಿಂದ 30 ಬಿಡಿ ಚಿತ್ರಗಳು. ಪ್ರತಿಯೊಂದರಲ್ಲೂ ಮುಖದ ಕೋನ ಬೇರೆ, ಬೆಳಕು ಬೇರೆ. ಅಷ್ಟಕ್ಕೂ ಹೊಂದುವಂತೆ ಮುಖವನ್ನು ಹೊಸದಾಗಿ ಬರೆಯಬೇಕು. ಡೀಪ್‌ಫೇಕ್ ಎಂಬ ಹೆಸರು 2017ರಲ್ಲಿ ಚಾಲ್ತಿಗೆ ಬಂದಾಗ ಅದಕ್ಕೆ ಬಳಸುತ್ತಿದ್ದ ವಿಧಾನವನ್ನು ಶಿಕ್ಷಕಿ ಬೋರ್ಡಿನ ಮೇಲೆ ಬಿಡಿಸಿದರು.

ಒಬ್ಬ ವರದಿಗಾರ, ಇಬ್ಬರು ಚಿತ್ರಕಾರರು ಇದ್ದಾರೆಂದುಕೊಳ್ಳಿ ಎಂದರು. ವರದಿಗಾರ ಯಾರ ಮುಖ ಕಂಡರೂ ಚುಟುಕಾಗಿ ಹೇಳುತ್ತಾನೆ: ಎಡಕ್ಕೆ ವಾಲಿದೆ, ಬಾಯಿ ಅರ್ಧ ತೆರೆದಿದೆ, ಬೆಳಕು ಮೇಲಿನಿಂದ. ಮೊದಲ ಚಿತ್ರಕಾರ ಆ ವರದಿ ಕೇಳಿ ‘ಅ’ ಎಂಬಾಕೆಯ ಮುಖವನ್ನು ಮಾತ್ರ ಬಿಡಿಸಲು ಕಲಿತಿದ್ದಾನೆ, ಎರಡನೆಯವನು ‘ಬ’ ಎಂಬಾಕೆಯದನ್ನು ಮಾತ್ರ. ಕಂಪ್ಯೂಟರು ಸಾವಿರಾರು ಚಿತ್ರಗಳ ಮೇಲೆ ಬಿಡಿಸುವುದು, ಅಸಲಿಗೆ ಹೋಲಿಸುವುದು, ತಿದ್ದುವುದು ಎಂದು ತಾಲೀಮು ನಡೆಸುತ್ತದೆ. ಕೊನೆಗೆ ‘ಅ’ಳ ಮುಖದ ವರದಿಯನ್ನು ‘ಬ’ಳ ಚಿತ್ರಕಾರನಿಗೆ ಕೊಟ್ಟುಬಿಡುತ್ತಾರೆ. ಅದೇ ವಾಲು, ಅದೇ ನಗು, ಆದರೆ ಮೂಡುವುದು ‘ಬ’ಳ ಮುಖ. ಅದನ್ನು ಚಿತ್ರದಲ್ಲಿ ಕೂರಿಸಿ, ಚರ್ಮದ ಬಣ್ಣ ಹೊಂದಿಸಿ, ಅಂಚನ್ನು ಮಸುಕು ಮಾಡಿದರೆ ಕೆಲಸ ಮುಗಿಯಿತು.

ಈಗ ಈ ತಾಲೀಮೂ ಬೇಕಿಲ್ಲ. ಲಕ್ಷಗಟ್ಟಲೆ ಮುಖಗಳ ಮೇಲೆ ಮೊದಲೇ ಪಳಗಿಸಿಟ್ಟ ತಂತ್ರಾಂಶಗಳಿವೆ, ಅವಕ್ಕೆ ಒಂದೇ ಒಂದು ಸ್ಪಷ್ಟ ಫೋಟೊ ಸಾಕು. ಗುಂಪಿನ ಡಿಪಿಯಲ್ಲಿರುವ ಫೋಟೊ ಆದರೂ ಆದೀತು. ಇದನ್ನು ಕೇಳಿದಾಗ ತರಗತಿ ಒಮ್ಮೆಲೇ ಗಂಭೀರವಾಯಿತು.

ಕಂಡುಹಿಡಿಯುವುದು ಹೇಗೆ? ಲಿಫ್ಟಿನ ವಿಡಿಯೊದಲ್ಲಿ ಸುಳಿವು ಮೊದಲ ಸೆಕೆಂಡಿನಲ್ಲೇ ಇತ್ತು. ಆಕೆ ಒಳಗೆ ಬರುವಾಗ ಅಸಲಿ ಮುಖ ಕ್ಷಣಕಾಲ ಕಾಣುತ್ತದೆ, ಮರುಕ್ಷಣ ಬದಲಾಗುತ್ತದೆ. ಮುಖ ಚೌಕಟ್ಟಿನ ಅಂಚಿನಲ್ಲಿದ್ದಾಗ, ಅರ್ಧ ಮರೆಯಾದಾಗ ತಂತ್ರಾಂಶ ಅದನ್ನು ಗುರುತಿಸಲು ತಡವರಿಸುತ್ತದೆ. ಹಾಗಾಗಿ ವೇಗ ತಗ್ಗಿಸಿ, ನಿಲ್ಲಿಸಿ ನಿಲ್ಲಿಸಿ ನೋಡಬೇಕು.

ಆದರೆ ಕಣ್ಣಿಗೆ ಕಾಣುವ ಸುಳಿವನ್ನೇ ನೆಚ್ಚಿಕೊಳ್ಳುವಂತಿಲ್ಲ ಎಂಬುದನ್ನು ಶಿಕ್ಷಕಿ ಒತ್ತಿ ಹೇಳಿದರು. 2018ರಲ್ಲಿ ಅಮೆರಿಕದ ಸಂಶೋಧಕರು ಡೀಪ್‌ಫೇಕ್ ಮುಖಗಳು ಕಣ್ಣು ಮಿಟುಕಿಸುವುದು ತೀರಾ ಕಡಿಮೆ ಎಂದು ತೋರಿಸಿದ್ದರು. ತಾಲೀಮಿಗೆ ಬಳಸಿದ ಫೋಟೊಗಳಲ್ಲಿ ಕಣ್ಣು ಮುಚ್ಚಿದವು ಅಪರೂಪವಾದ್ದರಿಂದ ಹಾಗಾಗುತ್ತಿತ್ತು. ಸುದ್ದಿ ಹೊರಬಿದ್ದ ಸ್ವಲ್ಪ ಕಾಲದಲ್ಲೇ ಕಣ್ಣು ಮಿಟುಕಿಸುವ ನಕಲಿಗಳೂ ಬಂದವು. ಹೆಚ್ಚು ಗಟ್ಟಿಯಾದ ದಾರಿ ಮೂಲವನ್ನು ಹುಡುಕುವುದು. ವಿಡಿಯೊದ ಒಂದು ಚೌಕಟ್ಟನ್ನು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಕೊಟ್ಟರೆ ಅಸಲಿ ಸಿಗುವ ಸಾಧ್ಯತೆ ಇದೆ. ರಶ್ಮಿಕಾ ಅವರ ಪ್ರಕರಣದಲ್ಲೂ ಸತ್ಯಶೋಧನೆ ಮಾಡುವ ಪತ್ರಕರ್ತರು ಅಸಲಿ ವಿಡಿಯೊವನ್ನೇ ಪತ್ತೆಮಾಡಿ ಎದುರಿಗಿಟ್ಟಿದ್ದರು.

“ಮಾಡಿದವರು ಸಿಕ್ಕಿದ್ರಾ ಮಿಸ್?”

ಸಿಕ್ಕಿದರು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆಂಧ್ರದ ಗುಂಟೂರಿನ 24 ವರ್ಷದ ಎಂಜಿನಿಯರ್ ಒಬ್ಬನನ್ನು ಬಂಧಿಸಿದರು. ತಾನು ನಡೆಸುತ್ತಿದ್ದ ಅಭಿಮಾನಿ ಪುಟಕ್ಕೆ ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳಲು ಆತ ಹೀಗೆ ಮಾಡಿದ ಎಂಬುದು ಪೊಲೀಸರ ಹೇಳಿಕೆ.

ಗೆಳತಿಯ ಮುಖವನ್ನು ತಮಾಷೆಗೆಂದು ಅಶ್ಲೀಲ ಚಿತ್ರಕ್ಕೆ ಕೂರಿಸಿದರೂ ಅದು ತಮಾಷೆಯಾಗಿ ಉಳಿಯುವುದಿಲ್ಲ. 18 ತುಂಬದವರನ್ನು ಹಾಗೆ ತೋರಿಸುವ ಚಿತ್ರ ತಯಾರಿಸುವುದು, ಹಂಚುವುದು, ಡೌನ್‌ಲೋಡ್ ಮಾಡುವುದು ಕೂಡ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧ. ಮೊದಲ ಸಲದ ತಪ್ಪಿಗೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ ಎನ್ನುತ್ತದೆ ಕಾಯ್ದೆ. ಮಾಡಿದವರೂ ಅಪ್ರಾಪ್ತರಾಗಿದ್ದರೆ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ.

ತಮ್ಮದೇ ಇಂಥ ಚಿತ್ರ ಕಂಡರೆ ಮೊದಲು ಖಾತೆಯ ಹೆಸರು, ಲಿಂಕು, ದಿನಾಂಕ ಬರೆದಿಟ್ಟುಕೊಳ್ಳಬೇಕು. “ನೋಡು ಏನು ಮಾಡಿದಾರೆ” ಎಂದು ಸ್ನೇಹಿತರಿಗೂ ಕಳಿಸಬಾರದು. ಮನೆಯ ದೊಡ್ಡವರೊಬ್ಬರಿಗೆ ಹೇಳಿ cybercrime.gov.in ತಾಣದಲ್ಲಿ ದೂರು ಕೊಡಬಹುದು. 1098 ಮಕ್ಕಳ ಸಹಾಯವಾಣಿಯೂ ಇದೆ. takeitdown.ncmec.org ಎಂಬ ಸೇವೆಯಲ್ಲಿ ಚಿತ್ರ ನಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ, ಒಪ್ಪಿಕೊಂಡಿರುವ ಜಾಲತಾಣಗಳು ಅದಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ಎನ್‌ಕ್ರಿಪ್ಟ್ ಆದ ಖಾಸಗಿ ಚಾಟ್‌ಗಳೊಳಗೆ ಇದು ನಡೆಯದು. ಯಾರಾದರೂ ಚಿತ್ರವನ್ನು ಕತ್ತರಿಸಿ ಮತ್ತೆ ಹಾಕಿದರೆ ಸಂಕೇತ ಬದಲಾಗಬಹುದು, ಆಗ ಆ ಹೊಸ ರೂಪವನ್ನೂ ಸೇರಿಸಬೇಕಾಗುತ್ತದೆ.