ಸಾವಿರ ಜನ ಅಂದರೆ ಎಷ್ಟು ಊಟ?

‘ಸಾವಿರಕ್ಕೂ ಹೆಚ್ಚು ಜನ ಸೇರಿದ್ದ ಡೀಲರ್ಸ್ ಮೀಟ್ ಅನ್ನು ಯಶಸ್ವಿಯಾಗಿ ನಡೆಸಿಕೊಟ್ಟಿದ್ದೇನೆ.’ ನಮ್ಮಲ್ಲಿ ಕೆಲಸ ಕೇಳಿಕೊಂಡು ಬಂದಿದ್ದ ದಾವಣಗೆರೆ ಕಡೆಯ ಹುಡುಗಿಯೊಬ್ಬಳ ರೆಸ್ಯೂಮೆಯ ಮೊದಲ ಸಾಲು ಇದು. ಈವೆಂಟ್ ಕೆಲಸದಲ್ಲಿ ನಾಲ್ಕು ವರ್ಷ ಕಳೆದವಳು. ನಾನು ಬೇರೇನೂ ಕೇಳದೆ, “ಎಷ್ಟು ಊಟ ಆಯ್ತಮ್ಮಾ ಅವತ್ತು?” ಅಂದೆ.

“572 ಪ್ಲೇಟ್, ಸರ್,” ಅಂದಳು. ಯೋಚಿಸಲೂ ಇಲ್ಲ.

“ಹಾಗಾದ್ರೆ ಸಾವಿರ ಎಲ್ಲಿಂದ ಬಂತು?”

“ಎಲ್ಲರೂ ಹಾಗೇ ಬರೀತಾರೆ ಸರ್…”

ನಾನು ಈ ಲೇಖನ ಬರೆಯುತ್ತಿರುವುದೇ ಆ ಉತ್ತರದಿಂದಾಗಿ. ಪ್ಲೇಟಿನ ಲೆಕ್ಕ ನಾಲಿಗೆಯ ತುದಿಯಲ್ಲಿದ್ದವಳು ಕೆಲಸ ಗೊತ್ತಿರುವವಳು. ಅದನ್ನು ಮುಚ್ಚಿಟ್ಟು ಸಾವಿರ ಎಂದು ಬರೆದ ಕಾಗದ ಮಾತ್ರ ಅವಳನ್ನು ಕೆಲಸ ಗೊತ್ತಿಲ್ಲದವಳಂತೆ ತೋರಿಸುತ್ತಿತ್ತು. ಅವತ್ತು ಮಧ್ಯಾಹ್ನ ಇಬ್ಬರೂ ಕೂತು ಆ ಒಂದು ಕಾರ್ಯಕ್ರಮವನ್ನು ಬಿಡಿಸಿದೆವು.

ಹುಬ್ಬಳ್ಳಿಯ ಹೊರವಲಯದ ಒಂದು ಹುಲ್ಲುಹಾಸಿನಲ್ಲಿ ಬೀಜದ ಕಂಪನಿಯೊಂದು ತನ್ನ ಡೀಲರುಗಳಿಗೆ ಏರ್ಪಡಿಸಿದ್ದ ಸಂಜೆ ಅದು. ಆಹ್ವಾನ ಹೋಗಿದ್ದು 600 ಜನರಿಗೆ. ಬಾಗಿಲ ಬಳಿಯ ನೋಂದಣಿ ಮೇಜಿನಲ್ಲಿ ಸಹಿ ಹಾಕಿದವರು 512. ಊಟ ಆಗಿದ್ದು 572. ನಡುವಿನ 60 ಪ್ಲೇಟ್ ಯಾರದು ಎಂದರೆ, ಡೀಲರುಗಳ ಕಾರಿನ ಡ್ರೈವರುಗಳು, ಕಂಪನಿಯ ಸಿಬ್ಬಂದಿ, ಸೌಂಡ್‌ನವರು, ಶಾಮಿಯಾನದ ಹುಡುಗರು. ಹೊಸಬರು ಈ 60 ಜನರನ್ನು ಮರೆತು, ರಾತ್ರಿ ಹತ್ತಕ್ಕೆ ಅನ್ನ ಸಾಲದೆ ಅಡುಗೆಯವರ ಹತ್ತಿರ ಮಾತು ಕೇಳುತ್ತಾರೆ. ಇವಳು ಮೊದಲೇ 50 ಪ್ಲೇಟ್ ಹೆಚ್ಚಿಗೆ ಸೇರಿಸಿ 650ಕ್ಕೆ ಬಜೆಟ್ ಹಾಕಿದ್ದಳು, ಅಡುಗೆಯವರಿಗೆ ಗ್ಯಾರಂಟಿ ಕೊಟ್ಟಿದ್ದು ಮಾತ್ರ 550ಕ್ಕೆ. ಅಂದರೆ ಎಷ್ಟೇ ಕಡಿಮೆ ಜನ ಬಂದರೂ 550ರ ದುಡ್ಡು ಕೊಡಲೇಬೇಕು, ಅದರ ಮೇಲಿನದಕ್ಕೆ ಎಣಿಸಿದಷ್ಟು. ಇದು ಅನುಭವದಿಂದ ಮಾತ್ರ ಬರುವ ಲೆಕ್ಕ. ರೆಸ್ಯೂಮೆಯಲ್ಲಿ ಇದರ ಸುಳಿವೇ ಇರಲಿಲ್ಲ.

ಹಾಗಾಗಿ ಹಾಜರಿಯನ್ನು ಬರೆಯುವಾಗ ಕರೆದವರು ಎಷ್ಟು, ಬಂದವರು ಎಷ್ಟು, ಅದನ್ನು ಎಣಿಸಿದ್ದು ಹೇಗೆ ಎಂದು ಹೇಳಬೇಕು. ಟಿಕೆಟ್, ನೋಂದಣಿ ಪಟ್ಟಿ, ಕೈಪಟ್ಟಿ, ಊಟದ ಎಲೆ, ಯಾವುದಾದರೂ ಸರಿ. ಮದುವೆಯಾದರೆ ಎಲೆ ಲೆಕ್ಕಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ, ಏಕೆಂದರೆ ಅಡುಗೆಯವರು ದುಡ್ಡು ತೆಗೆದುಕೊಳ್ಳುವುದೇ ಅದರ ಮೇಲೆ.

ಇದರ ಜೊತೆಗೆ ಇನ್ನೊಂದು ಸಂಖ್ಯೆಯನ್ನೂ ನಾನು ಈಗ ತಪ್ಪದೆ ಕೇಳುತ್ತೇನೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಅಲ್ಲಿಂದೀಚೆಗೆ ‘2,000 ಜನ’ ಎಂಬುದನ್ನು ಓದಿದಾಗ, ಒಂದೇ ಹೊತ್ತಿಗೆ ಒಳಗಿದ್ದವರು ಎಷ್ಟು, ಬಾಗಿಲು ಎಷ್ಟಿದ್ದವು ಎಂಬ ಪ್ರಶ್ನೆ ಮೊದಲು ಬಾಯಿಗೆ ಬರುತ್ತದೆ. ನಾಲ್ಕು ಗಂಟೆ ನಡೆಯುವ ಆರತಕ್ಷತೆಗೆ 2,000 ಜನ ಬಂದು ಹೋದರೂ ಒಮ್ಮೆಗೆ ಸಭಾಂಗಣದಲ್ಲಿ ಇರುವವರು 700 ದಾಟದಿರಬಹುದು. ಆರು ಗಂಟೆಗೆ ಬಾಗಿಲು ತೆರೆಯುವ ಸಂಗೀತ ಸಂಜೆಗೆ ಅದೇ 2,000 ಜನ ಐದೂವರೆಗೇ ಗೇಟಿನ ಮುಂದೆ ನಿಂತಿರುತ್ತಾರೆ. ಎರಡೂ ಒಂದೇ ಕೆಲಸವಲ್ಲ. ಎರಡನೆಯದನ್ನು ಮಾಡಿದವರು ಗೇಟು, ಸರದಿ, ಬ್ಯಾರಿಕೇಡ್ ಕುರಿತು ಒಂದು ಸಾಲು ಬರೆಯದೆ ಇರಬಾರದು.

ಇನ್ನು ಬಜೆಟ್. ಅವಳ ಕಾಗದದಲ್ಲಿ ‘15 ಲಕ್ಷದ ಬಜೆಟ್ ನಿರ್ವಹಣೆ’ ಎಂದಿತ್ತು. ಗ್ರಾಹಕರು ಒಪ್ಪಿದ ಕೊಟೇಶನ್ ಜಿಎಸ್‌ಟಿ ಬಿಟ್ಟು 14.8 ಲಕ್ಷ. ಅದರಲ್ಲಿ ಎಲ್‌ಇಡಿ ವಾಲ್, ಆರ್ಕೆಸ್ಟ್ರಾ, ನಿರೂಪಕರ ಮಾತುಕತೆಯೆಲ್ಲ ಬೆಂಗಳೂರಿನಲ್ಲಿ ಅವಳ ಮೇಲಿನವರೇ ಮುಗಿಸಿದ್ದರು. ಶಾಮಿಯಾನ, ಅಡುಗೆ, ಸೌಂಡ್, ಲೈಟು, ಜನರೇಟರ್, ವಾಹನ, ಇವೆಲ್ಲ ಅವಳ ಕೈಯಲ್ಲಿದ್ದವು, ಒಟ್ಟು 9.6 ಲಕ್ಷ. ಬರೆಯಬೇಕಾದದ್ದು ಈ ಎರಡೂ ಅಂಕಿಗಳನ್ನು. ದೊಡ್ಡದನ್ನು ಮಾತ್ರ ಬರೆದರೆ ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೇವೆ. ‘ಎಲ್‌ಇಡಿ ವಾಲ್ ಚದರಡಿಗೆ ಎಷ್ಟಕ್ಕೆ ಒಪ್ಪಿಸಿದಿರಿ?’ ಎಂದರೆ ಉತ್ತರ ಇರುವುದಿಲ್ಲ.

ರೆಸ್ಯೂಮೆ ಓದುವವರು ಇನ್ನೊಂದು ಕೆಲಸವನ್ನೂ ಮಾಡುತ್ತಾರೆ, ಅದು ಬರೆಯುವವರಿಗೆ ಗೊತ್ತಿರಬೇಕು. ಬಜೆಟ್ಟನ್ನು ತಲೆಗೆ ಹಂಚಿ ನೋಡುತ್ತಾರೆ. ‘2,000 ಜನರ ಮದುವೆ, 3 ಲಕ್ಷದ ಬಜೆಟ್’ ಎಂದಿದ್ದರೆ ತಲೆಗೆ 150 ರೂಪಾಯಿ ಆಯಿತು. ಛತ್ರ, ಊಟ, ಹೂವು ಎಲ್ಲ ಅಷ್ಟರಲ್ಲಿ ಆಗುವುದಿಲ್ಲ. ಬಹುಶಃ ಆ 3 ಲಕ್ಷ ಡೆಕೋರೇಶನ್ನಿನದು ಮಾತ್ರ. ಹಾಗಿದ್ದರೆ ಹಾಗೆಂದೇ ಬರೆಯಬೇಕು. ಡೆಕೋರೇಶನ್ ಒಂದನ್ನೇ ಚೆನ್ನಾಗಿ ಮಾಡಿದವರಿಗೂ ಕೆಲಸವಿದೆ. ಹೊಂದದ ಅಂಕಿಗಳನ್ನು ಕೊಟ್ಟವರ ಉಳಿದ ಸಾಲುಗಳನ್ನೂ ಯಾರೂ ನಂಬುವುದಿಲ್ಲ.

ವೆಂಡರುಗಳ ವಿಷಯದಲ್ಲಿ ‘50ಕ್ಕೂ ಹೆಚ್ಚು ವೆಂಡರುಗಳ ಸಂಪರ್ಕ’ ಎಂಬ ಮಾತು ಎಲ್ಲರ ರೆಸ್ಯೂಮೆಯಲ್ಲೂ ಇರುತ್ತದೆ, ಅದು ಫೋನಿನಲ್ಲಿರುವ ನಂಬರುಗಳ ಲೆಕ್ಕ ಅಷ್ಟೆ. ಈ ಕಾರ್ಯಕ್ರಮದಲ್ಲಿ ಅವಳ ಕೆಳಗೆ ಇದ್ದವರು ಆರು ವೆಂಡರುಗಳು. ಅವರಲ್ಲಿ ನಾಲ್ವರನ್ನು ಮೂರು ಮೂರು ಕೊಟೇಶನ್ ತರಿಸಿ ಅವಳೇ ಆರಿಸಿದ್ದಳು, ಅಡ್ವಾನ್ಸ್ ಎಷ್ಟು, ಬಾಕಿ ಯಾವಾಗ ಎಂದು ಅವಳೇ ಮಾತಾಡಿದ್ದಳು. ಅಷ್ಟನ್ನು ಬರೆದರೆ ಸಾಕು. ವೆಂಡರುಗಳ ಹೆಸರು, ದರ ಹಾಕಬಾರದು, ಅದು ಹಳೆಯ ಕಂಪನಿಯ ಆಸ್ತಿ. ಗ್ರಾಹಕರ ಹೆಸರೂ ಅಷ್ಟೇ. ಒಪ್ಪಂದದಲ್ಲಿ ಗುಟ್ಟು ಕಾಯುವ ಷರತ್ತು ಇದ್ದರೆ ‘ಬೀಜದ ಕಂಪನಿ, ಹುಬ್ಬಳ್ಳಿ’ ಎಂದರೆ ಆಯಿತು. ಮದುವೆ ಮಾಡಿಸಿದವರು ಆ ಮನೆಯವರ ಫೋಟೊವನ್ನು ಕೇಳದೆ ಹಾಕುವುದು ತಪ್ಪು.

ಕೊನೆಗೆ ಉಳಿದದ್ದು ‘ತುರ್ತು ಪರಿಸ್ಥಿತಿಯಲ್ಲಿ ತ್ವರಿತ ನಿರ್ಧಾರ ಕೈಗೊಳ್ಳುವ ಸಾಮರ್ಥ್ಯ’ ಎಂಬ ಸಾಲು. “ಅವತ್ತು ಏನಾದ್ರೂ ಎಡವಟ್ಟಾಗಿತ್ತಾ?” ಅಂದೆ. “ಮಳೆ ಬಂತು ಸರ್,” ಅಂದಳು, ಅದೇನು ಮಹಾ ಎಂಬಂತೆ.

ಮೇ ತಿಂಗಳು. ಕಾರ್ಯಕ್ರಮ ಸಂಜೆ 6:30ಕ್ಕೆ. 3:40ಕ್ಕೆ ಗಾಳಿ ಎದ್ದಿತು. ಅವಳು ಮೊದಲು ಮಾಡಿಸಿದ್ದು ಜನರೇಟರ್ ಬಂದ್. ಹುಲ್ಲಿನ ಮೇಲೆಲ್ಲ ಕೇಬಲ್ ಹರಡಿತ್ತು, ನೀರು ಬಿದ್ದ ಮೇಲೆ ಯೋಚಿಸುವ ಮಾತಲ್ಲ. ಎರಡನೆಯದು ವೇದಿಕೆಯ ಹಿಂದಿನ ಫ್ಲೆಕ್ಸ್ ಬಿಚ್ಚಿ ಇಳಿಸಿದ್ದು. ಅಷ್ಟು ದೊಡ್ಡ ಫ್ಲೆಕ್ಸ್ ಗಾಳಿ ತುಂಬಿಕೊಂಡರೆ ಹಾಯಿಯಂತೆ ಉಬ್ಬಿ, ಕಂಬಗಳ ಸಮೇತ ಮಗುಚುತ್ತದೆ. ಎಲ್‌ಇಡಿ ವಾಲ್‌ಗೆ ತಾಡಪಾಲು ಹೊದಿಸಿದರು. ಅಷ್ಟರಲ್ಲಿ ಮಳೆ ಹಿಡಿಯಿತು.

4:15ಕ್ಕೆ ಅವಳು ಪಕ್ಕದ ಕಲ್ಯಾಣ ಮಂಟಪದ ಮ್ಯಾನೇಜರ್ ಮುಂದೆ ನಿಂತಿದ್ದಳು. 600 ಜನ ಕೂರುವ ಸಭಾಂಗಣ, ಅಂದು ಖಾಲಿ ಇತ್ತು. ಬಾಡಿಗೆ 25,000ಕ್ಕೆ ಒಪ್ಪಿಸಿ, ಗ್ರಾಹಕರಿಗೆ ಫೋನ್ ಮಾಡಿ ಹೂಂ ಅನ್ನಿಸಿಕೊಂಡಳು. ಪೊಲೀಸ್ ಅನುಮತಿ ಇದ್ದದ್ದು ಹುಲ್ಲುಹಾಸಿಗೆ, ಆದ್ದರಿಂದ ಠಾಣೆಗೂ ಜಾಗ ಬದಲಾದದ್ದನ್ನು ತಿಳಿಸಿದಳು. ನೆನೆದ ಎಲ್‌ಇಡಿ ವಾಲ್ ಬಿಚ್ಚಿ ಮತ್ತೆ ಕಟ್ಟಲು ಹೊತ್ತಿರಲಿಲ್ಲ, ಊರೊಳಗಿನಿಂದ ಪ್ರೊಜೆಕ್ಟರ್ ತರಿಸಿದಳು. ಊಟದ ಮನೆಯಲ್ಲಿ ಒಮ್ಮೆಗೆ 300 ಜನ ಮಾತ್ರ ಹಿಡಿಸುತ್ತಿದ್ದರು. ಎರಡು ಸರದಿ ಮಾಡಿ, ದೂರದ ಜಿಲ್ಲೆಗಳಿಗೆ ಹಿಂದಿರುಗಬೇಕಿದ್ದವರನ್ನು ಮೊದಲು ಕೂರಿಸಿದಳು. ಕಾರ್ಯಕ್ರಮ ಶುರುವಾದದ್ದು 7:20ಕ್ಕೆ, 50 ನಿಮಿಷ ತಡವಾಗಿ.

“ಇದರಲ್ಲಿ ತಪ್ಪೇನಾಯ್ತು?” ಅಂದೆ. ಸ್ವಲ್ಪ ಸುಮ್ಮನಿದ್ದು ಹೇಳಿದಳು: “ಮಂಟಪದವರ ಹತ್ರ ಹಿಂದಿನ ವಾರವೇ ಮಾತಾಡಿಟ್ಟಿರಬೇಕಿತ್ತು ಸರ್. ಮೇ ತಿಂಗಳಲ್ಲಿ ಸಂಜೆ ಮಳೆ ಬರೋದು ಗೊತ್ತಿರೋದೇ.”

ಆ ಉತ್ತರ ಕೊಡಬಲ್ಲವರನ್ನು ನಾನು ಬಿಡುವುದಿಲ್ಲ.

ಮಳೆ ತಂದ ಖರ್ಚನ್ನೂ ಬರೆಸಿದೆ. ಮಂಟಪ 25,000, ಹೆಚ್ಚುವರಿ ಕೂಲಿ 14,000, ಪ್ರೊಜೆಕ್ಟರ್ ಮತ್ತು ವಾಹನ 8,000, ಒಟ್ಟು 47,000. ಊಟದಲ್ಲಿ 650ರ ಬದಲು 572 ಆದದ್ದರಿಂದ 78 ಪ್ಲೇಟ್, ತಲಾ 450 ರೂಪಾಯಿಯಂತೆ 35,100 ಉಳಿದಿತ್ತು. ಕೊನೆಗೆ ಬಜೆಟ್ ಮೀರಿದ್ದು 11,900 ಮಾತ್ರ. ಮೀರಿದ್ದನ್ನು ಬರೆಯಲು ಅವಳಿಗೆ ಅಳುಕು. ನನಗೆ ಓದಲು ಬೇಕಿದ್ದದ್ದು ಅದೇ ಸಾಲು. ಮಳೆ ಬಂದ ದಿನವೂ ಒಂದು ರೂಪಾಯಿ ಆಚೀಚೆ ಆಗಲಿಲ್ಲ ಎಂದವರನ್ನು ನಂಬುವುದು ಕಷ್ಟ.

ಸಂಜೆಯ ಹೊತ್ತಿಗೆ ಆ ಒಂದು ಸಾಲಿನ ಜಾಗದಲ್ಲಿ ಇಷ್ಟು ಬಂದಿತ್ತು:

‘ಬೀಜದ ಕಂಪನಿಯ ಡೀಲರ್ಸ್ ಮೀಟ್, ಹುಬ್ಬಳ್ಳಿ. ಸ್ಥಳದಲ್ಲಿ ಪೂರ್ತಿ ಹೊಣೆ ನನ್ನದು. ಆಹ್ವಾನ 600, ಹಾಜರಿ 512 (ನೋಂದಣಿ ಪಟ್ಟಿ), ಊಟ 572. ಒಟ್ಟು ಬಜೆಟ್ 14.8 ಲಕ್ಷ, ನನ್ನ ಕೈಯಲ್ಲಿದ್ದದ್ದು 9.6 ಲಕ್ಷ, ಆರು ವೆಂಡರುಗಳು, ನಾಲ್ವರ ಆಯ್ಕೆ ನನ್ನದು. ಮೂರು ಗಂಟೆ ಮೊದಲು ಗಾಳಿ-ಮಳೆ: ವಿದ್ಯುತ್ ಕಡಿತಗೊಳಿಸಿ, ಕಾರ್ಯಕ್ರಮವನ್ನು ಪಕ್ಕದ ಮಂಟಪಕ್ಕೆ ಸ್ಥಳಾಂತರಿಸಿದೆ. ಆರಂಭ 50 ನಿಮಿಷ ತಡ, ಯಾರಿಗೂ ಪೆಟ್ಟಿಲ್ಲ, ಬಜೆಟ್ ಮೀರಿದ್ದು 11,900 ರೂ.’

ಇಂಥ ಮೂರು ಕಾರ್ಯಕ್ರಮ ಒಂದು ಪುಟಕ್ಕೆ ಸಾಕು. ಮೂರೂ ಬೇರೆ ಬೇರೆ ಬಗೆಯವಾದರೆ ಒಳ್ಳೆಯದು. ಉಳಿದ ಕಾರ್ಯಕ್ರಮಗಳನ್ನು ಕೆಳಗೆ ‘ಮದುವೆ 22, ಕಂಪನಿ ಸಭೆ 9’ ಎಂದು ಒಂದೇ ಸಾಲಿನಲ್ಲಿ ಸೇರಿಸಬಹುದು. ಕಳಿಸುವಾಗ ಹೆಚ್ಚಿನ ಕಂಪನಿಗಳಿಗೆ ಇಂಗ್ಲಿಷಿನಲ್ಲೇ ಕಳಿಸಬೇಕಾಗುತ್ತದೆ. ಆದರೂ ಮೊದಲು ಕನ್ನಡದಲ್ಲಿ ಬರೆದುಕೊಳ್ಳಿ ಎಂದು ನಾನು ಹೇಳುತ್ತೇನೆ. ಮನೆಯವರಿಗೆ ಹೇಳುವ ಹಾಗೆ ಬರೆದರೆ ಎಷ್ಟು ಗಂಟೆಗೆ ಏನಾಯಿತು, ಯಾರನ್ನು ಕರೆದೆ ಎಂಬುದು ತಾನಾಗಿ ಬರುತ್ತದೆ. ನೇರವಾಗಿ ಇಂಗ್ಲಿಷಿಗೆ ಕೂತರೆ ಇನ್ನೊಬ್ಬರ ರೆಸ್ಯೂಮೆಯ ಸಾಲೇ ಬೆರಳಿಗೆ ಬರುತ್ತದೆ.

ವಿಚಾರಿಸಲು ಯಾರ ನಂಬರ್ ಕೊಡಬೇಕು ಎಂದು ಅವಳು ಕೇಳಿದಳು. ಹಳೆಯ ಮ್ಯಾನೇಜರ್ ಜೊತೆಗೆ ಒಬ್ಬ ವೆಂಡರ್ ನಂಬರನ್ನೂ, ಅವರನ್ನು ಕೇಳಿಯೇ ಕೊಡು ಅಂದೆ. ಮರುದಿನ ಹುಬ್ಬಳ್ಳಿಯ ಶಾಮಿಯಾನದವರಿಗೆ ಫೋನ್ ಹಚ್ಚಿದೆ.

“ಆ ಮಳಿ ದಿನಾ ಇದ್ದ ಅಕ್ಕಾರೇನ್ರಿ?” ಅಂದರು ಅವರು. “ನಮ್ಮ ಹುಡುಗರು ತೊಯ್ದು ನಡುಗಾಕತ್ತಿದ್ರು, ಮೊದಲು ಅವರಿಗೆ ಚಹಾ ಕೊಡಿಸಿ ಆಮ್ಯಾಲೆ ಕುರ್ಚಿ ಎತ್ತಿಸಿದ್ರು ನೋಡ್ರಿ. ಬಾಕಿ ರೊಕ್ಕಾನೂ ಹೇಳಿದ ದಿನಾನ ಬಂತ್ರಿ.”